‘ಇದ್ದಿದ್ದರೆ’ ಎಂಬ ಕೀಲು: ಒಂದು ಕಾರಣವಾದದ ವಾಕ್ಯರಚನೆ

ಕಂಡ ಬದಲಾವಣೆಯನ್ನು ಒಂದು ನಿರ್ದಿಷ್ಟ ಕಾರಣಕ್ಕೆ ಆರೋಪಿಸಲು ಏನು ಆಧಾರ ಎಂಬುದನ್ನು ಅರ್ಥಶಾಸ್ತ್ರದ ಲೇಖನಗಳು ‘ಐಡೆಂಟಿಫಿಕೇಶನ್ ಸ್ಟ್ರಾಟಜಿ’ ಎಂಬ ಭಾಗದಲ್ಲಿ ಹೇಳುತ್ತವೆ. ಈ ಭಾಗವನ್ನು ದುರ್ಗಮಗೊಳಿಸುವುದು ಪರಿಭಾಷೆಗಿಂತ ಹೆಚ್ಚಾಗಿ ನಾಮೀಕರಣ ಎಂಬುದು ಈ ಟಿಪ್ಪಣಿಯ ವಾದ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ಪ್ರಕಟಿಸಿದ ಕನಿಷ್ಠ ವೇತನದ ಅಧ್ಯಯನವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಂಡಿದೆ.

1992ರ ಏಪ್ರಿಲ್ 1ರಂದು ನ್ಯೂಜೆರ್ಸಿ ರಾಜ್ಯವು ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು; ನೆರೆಯ ಪೆನ್ಸಿಲ್ವೇನಿಯ ಏರಿಸಲಿಲ್ಲ. ಏರಿಕೆಯ ಮೊದಲು ಮತ್ತು ಅನಂತರ ಎರಡೂ ಕಡೆಯ ಫಾಸ್ಟ್‌ಫುಡ್ ಅಂಗಡಿಗಳನ್ನು ಸಮೀಕ್ಷಿಸಲಾಯಿತು. ಪೂರ್ಣಾವಧಿ ಲೆಕ್ಕದಲ್ಲಿ ಅಂಗಡಿಯೊಂದರ ಸರಾಸರಿ ನೌಕರರ ಸಂಖ್ಯೆ ನ್ಯೂಜೆರ್ಸಿಯಲ್ಲಿ 20.44ರಿಂದ 21.03ಕ್ಕೆ ಏರಿತು, ಪೂರ್ವ ಪೆನ್ಸಿಲ್ವೇನಿಯದಲ್ಲಿ 23.33ರಿಂದ 21.17ಕ್ಕೆ ಇಳಿಯಿತು.

ಇಂಥ ವಿನ್ಯಾಸವನ್ನು ಸಾಮಾನ್ಯವಾಗಿ ಹೀಗೆ ಅಡಕಗೊಳಿಸುತ್ತಾರೆ: ‘ಸಮಾಂತರ ಪ್ರವೃತ್ತಿಯ ಊಹೆಯಡಿ, ಅಂತರಗಳ ಅಂತರದಿಂದ ಪರಿಣಾಮದ ಗುರುತಿಸುವಿಕೆ ಸಾಧ್ಯ.’ ಊಹೆ ಯಾರದು, ಯಾವುದು ಯಾವುದಕ್ಕೆ ಸಮಾಂತರ ಎಂಬುದು ಇಲ್ಲಿಲ್ಲ. ಕ್ರಿಯೆಗಳು ನಾಮಪದಗಳಾದಾಗ ಕರ್ತೃವೂ ಕಾಲವೂ ಕಳಚಿಹೋಗಿವೆ. ಇದನ್ನು ಕ್ರಿಯಾಪದಗಳಿಗೆ ಮರಳಿಸಿದರೆ ಹೀಗಾಗುತ್ತದೆ:

‘ನ್ಯೂಜೆರ್ಸಿ ವೇತನವನ್ನು ಏರಿಸದೇ ಇದ್ದಿದ್ದರೆ, ಅಲ್ಲಿನ ಅಂಗಡಿಗಳಲ್ಲಿಯೂ ಪೆನ್ಸಿಲ್ವೇನಿಯದಲ್ಲಿ ಆದಷ್ಟೇ, ಅಂದರೆ 2.16ರಷ್ಟು, ಉದ್ಯೋಗ ಇಳಿಯುತ್ತಿತ್ತು ಎಂದು ನಾವು ಭಾವಿಸುತ್ತೇವೆ. ಹಾಗಾಗಿದ್ದರೆ ಸರಾಸರಿ 18.28 ಇರುತ್ತಿತ್ತು. ಕಂಡದ್ದು 21.03. ಈ 2.75ರ ವ್ಯತ್ಯಾಸವನ್ನು ವೇತನದ ಏರಿಕೆಗೆ ಆರೋಪಿಸುತ್ತೇವೆ.’

‘ಏರಿಸದಿದ್ದರೆ’ ಎಂಬ ಪಕ್ಷಾರ್ಥಕ ರೂಪ ಒಂದು ಸಾಧ್ಯತೆಯನ್ನು ತೆರೆದಿಡುತ್ತದೆ, ‘ಏರಿಸದೇ ಇದ್ದಿದ್ದರೆ... ಇಳಿಯುತ್ತಿತ್ತು’ ಎಂಬ ಜೋಡಿಯಾದರೋ ನಡೆಯದ ಸಂಗತಿಯನ್ನು ನಡೆಯದ್ದೆಂದೇ ಗುರುತಿಸುತ್ತದೆ. ಆದ್ದರಿಂದ ಓದುಗನಿಗೆ 21.03 ಅಳೆದದ್ದು, 18.28 ಊಹಿಸಿದ್ದು ಎಂಬ ಭೇದ ವ್ಯಾಕರಣದಿಂದಲೇ ತಿಳಿಯುತ್ತದೆ. ಇನ್ನೂ ಮುಖ್ಯವಾದುದೆಂದರೆ, 2.75ರಲ್ಲಿ ನ್ಯೂಜೆರ್ಸಿಯಲ್ಲಿ ನಿಜವಾಗಿ ಕಂಡ ಏರಿಕೆ 0.59 ಮಾತ್ರ, ಉಳಿದುದು ಪೆನ್ಸಿಲ್ವೇನಿಯದ ಇಳಿಕೆಯಿಂದ ಬಂದದ್ದು. ವಾದದ ಭಾರವೆಲ್ಲ ಆ ಒಂದು ಉಪವಾಕ್ಯದ ಮೇಲಿದೆ.

ಹಾಗಾದರೆ ಮುಂದಿನ ವಾಕ್ಯ ಅದನ್ನು ನಂಬಲು ಕಾರಣ ಕೊಡಬೇಕು. ನ್ಯೂಜೆರ್ಸಿಯಲ್ಲಿಯೇ ಮೊದಲಿನಿಂದಲೂ 5 ಡಾಲರ್ ಅಥವಾ ಹೆಚ್ಚು ಕೊಡುತ್ತಿದ್ದ ಅಂಗಡಿಗಳನ್ನು ಕಾನೂನು ಹೆಚ್ಚು ತಟ್ಟಲಿಲ್ಲ. ಅವುಗಳಲ್ಲಿಯೂ ಉದ್ಯೋಗ ಇಳಿದಿತ್ತೆಂದು ಲೇಖಕರು ತೋರಿಸಿದ್ದಾರೆ. ಇದು ಊಹೆಗೆ ಬಲ ಕೊಡುತ್ತದೆ, ಆದರೆ ಅದನ್ನು ಸಿದ್ಧಪಡಿಸುವುದಿಲ್ಲ: ಏರಿಕೆಗೆ ಮುಂಚಿನ ಸಮೀಕ್ಷೆ ಒಂದೇ ಆದುದರಿಂದ, ಎರಡು ರಾಜ್ಯಗಳು ಅದುವರೆಗೆ ಜೊತೆಯಾಗಿ ಸಾಗಿದ್ದವೇ ಎಂಬುದನ್ನು ಆ ದತ್ತಾಂಶ ಹೇಳಲಾರದು.

ನಾಮೀಕೃತ ವಾಕ್ಯದಲ್ಲಿ ಈ ಪ್ರಶ್ನೆಯನ್ನು ಎತ್ತಲು ಜಾಗವೇ ಇರಲಿಲ್ಲ. ಮರುರಚನೆ ವಾದವನ್ನು ಸರಳಗೊಳಿಸಿಲ್ಲ. ಅದನ್ನು ಎಲ್ಲಿ ನಿರಾಕರಿಸಬಹುದೆಂಬುದನ್ನು ತೋರಿಸಿದೆ.