ಗಿಡ್ಡ ತಳಿ ಪೈರು ಬೀಳದಂತೆ ಕಾಯುತ್ತದೆಯೇ?

ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ಕಡೆಗೆ ರಸ್ತೆ ಕವಲೊಡೆಯುವ ಜಾಲ್ಸೂರಿನ ಸುತ್ತ ಅಡಿಕೆ ತೋಟಗಳ ನಡುವೆ ಗದ್ದೆಗಳು ಕಡಿಮೆಯಾಗಿವೆ. ಉಳಿದವುಗಳಿಗೆ ಹಳೆಯ ಭಯ ಹಾಗೆಯೇ ಇದೆ: ಏಣೆಲಿನ ತೆನೆ ಬಲಿಯುವ ಹೊತ್ತಿಗೆ ಸಂಜೆಯ ಗುಡುಗು ಮಳೆ ಬಂದು ಪೈರು ಮಲಗುವುದು. ಇದಕ್ಕೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರ ಒಂದೇ, ಗಿಡ್ಡ ತಳಿ. ಆ ಉತ್ತರ ಅರ್ಧ ಸರಿ.

ಗಿಡ್ಡತನ ಬಂದದ್ದು ತೈವಾನಿನ ಡೀ-ಜಿಯೋ-ವೂ-ಜೆನ್ ಎಂಬ ಭತ್ತದಿಂದ. ಇಂಡೋನೇಷ್ಯಾದ ಪೇಟಾ ಜೊತೆಗೆ ಅದನ್ನು ಕೂಡಿಸಿ 1966ರಲ್ಲಿ ಐಆರ್-8 ಬಂತು. 1968ರಲ್ಲಿ ಬಂದ ನಮ್ಮ ಜಯ ತಳಿಗೂ ಗಿಡ್ಡತನ ಸಿಕ್ಕಿದ್ದು ಅದೇ ಮೂಲದಿಂದ. ಇದರ ಲಾಭ ಸರಳ. ಬುಡದ ಮೇಲೆ ಬೀಳುವ ಒತ್ತಡ ತೆನೆಯ ತೂಕ ಮತ್ತು ಎತ್ತರದ ಗುಣಲಬ್ಧ. ತೂಕ ಒಂದೇ ಇದ್ದರೆ, ಒಂದೂವರೆ ಮೀಟರಿನ ಪೈರಿನ ಬುಡ ಒಂದು ಮೀಟರಿನ ಪೈರಿಗಿಂತ ಒಂದೂವರೆ ಪಟ್ಟು ಒತ್ತಡ ಹೊರಬೇಕು.

ಆದರೆ ಈ ಗುಣ ಎತ್ತರವನ್ನು ತಗ್ಗಿಸುತ್ತದೆಯೇ ಹೊರತು ದಂಟಿನ ಗೋಡೆಯನ್ನು ದಪ್ಪವಾಗಿಸುವ ಭರವಸೆ ಕೊಡುವುದಿಲ್ಲ. ದಂಟನ್ನು ಸೊರಗಿಸುವುದು ಯೂರಿಯಾ. ಜುಲೈ ಮಳೆಯಲ್ಲಿ ಸಾರಜನಕ ತೊಳೆದುಹೋಗಿ ಎಲೆ ಹಳದಿಯಾದಾಗ ಕೈ ತಾನಾಗಿ ಚೀಲದತ್ತ ಹೋಗುತ್ತದೆ. 45 ಕಿಲೋ ಚೀಲವೊಂದರಲ್ಲಿ ಸುಮಾರು 21 ಕಿಲೋ ಸಾರಜನಕವಿರುತ್ತದೆ. ತೆನೆ ಹೊರಬರುವುದಕ್ಕೆ 40ರಿಂದ 30 ದಿನ ಮೊದಲು, ಬುಡದ ಗೆಣ್ಣುಗಳ ನಡುವಿನ ಭಾಗ ಉದ್ದವಾಗುವಾಗ, ಅದನ್ನು ಒಮ್ಮೆಗೇ ಸುರಿದರೆ ಆ ಭಾಗ ಇನ್ನೂ ಉದ್ದವಾಗಿ ತೆಳುವಾಗುತ್ತದೆ. ಮೇಲೆ ಎಲೆ ದಟ್ಟವಾಗಿ, ಮೋಡದ ದಿನಗಳ ಮಂಕು ಬೆಳಕೂ ಬುಡಕ್ಕೆ ಇಳಿಯುವುದಿಲ್ಲ. ಕಾಳು ತುಂಬುವಾಗ ದಂಟಿನಲ್ಲಿದ್ದ ಪಿಷ್ಟ ತೆನೆಗೆ ಏರಿಹೋಗುತ್ತದೆ; ಅಂದರೆ ತೆನೆ ಅತಿ ಭಾರವಾಗುವ ಹೊತ್ತಿಗೇ ದಂಟು ಅತಿ ದುರ್ಬಲ. ಇದರ ಮೇಲೆ ಮಳೆ ನೀರಿನ ತೂಕ, ಗಾಳಿಯ ನೂಕು.

ಬಿದ್ದ ಪೈರನ್ನು ನೋಡಿದರೆ ಕಾರಣ ತಿಳಿಯುತ್ತದೆ. ಬುಡದಿಂದ ಎರಡನೆಯ ಗೆಣ್ಣಿನ ಹತ್ತಿರ ದಂಟು ಮಡಚಿದ್ದು, ಬೆರಳಲ್ಲಿ ಒತ್ತಿದರೆ ಚಪ್ಪಟೆಯಾದರೆ ದೋಷ ದಂಟಿನದು. ದಂಟು ನೆಟ್ಟಗಿದ್ದು ಬುಡವೇ ಬೇರಿನೊಂದಿಗೆ ವಾಲಿದ್ದರೆ ದೋಷ ಮೆತ್ತಗಿನ ಕೆಸರು ಮತ್ತು ಆಳವಿಲ್ಲದ ಬೇರಿನದು. ಎರಡನೆಯದಕ್ಕೆ ಗೊಬ್ಬರ ಕಡಿಮೆ ಮಾಡಿದರೆ ಸಾಲದು. ತೆಂಡೆ ಒಡೆದ ಮೇಲೆ ಕೆಲವು ದಿನ ನೀರು ಬಸಿದು ನೆಲ ಗಟ್ಟಿಯಾಗಲು ಬಿಡಬೇಕು.

ಹಾಗಾಗಿ ನನ್ನ ತೀರ್ಮಾನ ಗದ್ದೆಯಿಂದ ಗದ್ದೆಗೆ ಬದಲಾಗುತ್ತದೆ. ನೀರು ಬಸಿಯುವ ಬೆಟ್ಟು, ಮಜಲುಗಳಿಗೆ ಗಿಡ್ಡ ತಳಿಯೇ ಸರಿ. ಯೂರಿಯಾವನ್ನು ಎರಡು ಮೂರು ಕಂತಾಗಿ ಹಂಚಿ, ಪೊಟ್ಯಾಷ್ ಬಿಡದಿರಬೇಕು. ಮಳೆನೀರು ಮೊಣಕಾಲೆತ್ತರ ನಿಲ್ಲುವ ಬೈಲಿನಲ್ಲಿ ಗಿಡ್ಡ ಪೈರು ಮುಳುಗುತ್ತದೆ. ಅಲ್ಲಿ ಎತ್ತರದ ನಾಡತಳಿಗೆ ಅರ್ಥವಿದೆ, ಹಟ್ಟಿಗೆ ಬೈಹುಲ್ಲೂ ಹೆಚ್ಚು ಸಿಗುತ್ತದೆ. ಆದರೆ ಅದಕ್ಕೆ ಗಿಡ್ಡ ತಳಿಯ ಲೆಕ್ಕದಲ್ಲಿ ಯೂರಿಯಾ ಹಾಕಿದರೆ, ಬೀಳಿಸಲು ಗಾಳಿಯೇ ಬೇಕಾಗಿಲ್ಲ.