ಶಬ್ದದ ಬುಡವೋ, ನಿಘಂಟಿನ ರೂಪವೋ? — ಗಣಕದ ಪದಶೋಧವನ್ನು ಕುರಿತ ಒಂದು ವಿಮರ್ಶೆ

ಕನ್ನಡ ಗ್ರಂಥಗಳನ್ನು ಗಣಕಯಂತ್ರದಲ್ಲಿ ತುಂಬಿ, ಬೇಕಾದ ಪದವನ್ನು ಹುಡುಕಿ ತೆಗೆಯುವ ಅನುಕೂಲ ಈಗ ನಮ್ಮ ಅಧ್ಯಾಪಕರಿಗೂ ಒದಗಿದೆ. ಆದರೆ ಹುಡುಕಿದ್ದು ಸಿಕ್ಕುವುದೋ ಇಲ್ಲವೋ ಎಂಬುದು ಯಂತ್ರವು ಪದಗಳನ್ನು ಮೊದಲೇ ಹೇಗೆ ಸಂಸ್ಕರಿಸಿ ಇಟ್ಟುಕೊಂಡಿದೆ ಎಂಬುದನ್ನು ಅವಲಂಬಿಸಿದೆ. ಇದರಲ್ಲಿ ಎರಡು ಮಾರ್ಗಗಳುಂಟು. ಪದದ ಕೊನೆಯ ಪ್ರತ್ಯಯಗಳನ್ನು ನಿಯಮದ ಪ್ರಕಾರ ಕತ್ತರಿಸಿ ಉಳಿದ ಬುಡವನ್ನು ಇಟ್ಟುಕೊಳ್ಳುವುದು ಒಂದು. ಇದಕ್ಕೆ ಸ್ಟೆಮ್ಮಿಂಗ್ ಎನ್ನುತ್ತಾರೆ. ಪದವನ್ನು ವ್ಯಾಕರಣದಿಂದ ಬಿಡಿಸಿ, ನಿಘಂಟಿನಲ್ಲಿ ಅದು ಯಾವ ಶಬ್ದದ ಕೆಳಗೆ ಬರುವುದೋ ಆ ಶಬ್ದಕ್ಕೆ ಒಯ್ದು ಸೇರಿಸುವುದು ಇನ್ನೊಂದು; ಅದು ಲೆಮ್ಮಟೈಸೇಷನ್. ಮೊದಲನೆಯದಕ್ಕೆ ಅರ್ಥದ ಗೊಡವೆಯಿಲ್ಲ, ಉಳಿದ ಬುಡವು ಶಬ್ದವೇ ಆಗಿರಬೇಕೆಂಬ ನಿಯಮವೂ ಇಲ್ಲ. ಎರಡನೆಯದಕ್ಕೆ ನಿಘಂಟು ಬೇಕು, ವಾಕ್ಯದ ಸಂದರ್ಭವೂ ಬೇಕು.

ಅದವಾನಿಯ ಸೀಮೆಯವರಾದ ನಮಗೆ ಹತ್ತಿಗಿಂತ ಹತ್ತಿರದ ಉದಾಹರಣೆ ದೊರೆಯಲಾರದು. ಪರೀಕ್ಷೆಗೆಂದು ನಾವೇ ಏಳು ವಾಕ್ಯಗಳನ್ನು ರಚಿಸಿಕೊಂಡಿದ್ದೇವೆ. 1. ಪೇಟೆಗೆ ಹತ್ತಿ ಬಂತು. 2. ಹತ್ತಿಯನ್ನು ಗಾಡಿಗೆ ಹೇರಿದರು. 3. ಹತ್ತಿಗೆ ಬೆಲೆ ಇಳಿಯಿತು. 4. ಹುಡುಗನು ಗಿಡ ಹತ್ತಿ ಹಣ್ಣು ಕಿತ್ತನು. 5. ಕೋಟೆಯನ್ನು ಹತ್ತಿದವರು ದಣಿದರು. 6. ಊರಿನ ಹತ್ತಿರ ಹೊಲವಿದೆ. 7. ಹತ್ತು ಚೀಲ ತಂದರು. ಬೆಳೆಯ ವಿಷಯ ಬೇಕಾದವನು 'ಹತ್ತಿ' ಎಂದು ಹುಡುಕುತ್ತಾನೆಂದು ಭಾವಿಸೋಣ. ಅವನಿಗೆ ಸಲ್ಲತಕ್ಕವು ಮೊದಲ ಮೂರು ವಾಕ್ಯಗಳು ಮಾತ್ರ.

ಯಾವ ಸಂಸ್ಕಾರವೂ ಇಲ್ಲದೆ ಇಡಿಯ ಪದವನ್ನೇ ಹೋಲಿಸಿದರೆ 1 ಮತ್ತು 4 ಬರುತ್ತವೆ; ಬೇಕಾದ ಎರಡು ಹೋಗಿ ಬೇಡದ ಒಂದು ಸೇರಿತು. ಆ ಅಕ್ಷರಗಳಿಂದ ಆರಂಭವಾಗುವ ಎಲ್ಲವೂ ಬರಲಿ ಎಂದರೆ 'ಹತ್ತಿದವರು', 'ಹತ್ತಿರ' ಸಹಿತವಾಗಿ ಆರು ವಾಕ್ಯಗಳು ಬಂದು ಬೀಳುತ್ತವೆ. ವಿಭಕ್ತಿ ಪ್ರತ್ಯಯಗಳನ್ನಷ್ಟೇ ಕತ್ತರಿಸುವ ಹಗುರವಾದ ಸ್ಟೆಮ್ಮಿಂಗ್ ಮಾಡಿದರೆ 'ಹತ್ತಿಯನ್ನು' ಎಂಬಲ್ಲಿ 'ಅನ್ನು' ಹೋಗಿ, ಸಂಧಿಯಿಂದ ಬಂದ ಯಕಾರವೂ ಹೋಗಿ 'ಹತ್ತಿ' ಉಳಿಯುತ್ತದೆ. 'ಹತ್ತಿಗೆ' ಎಂಬುದೂ ಹಾಗೆಯೇ. ಆಗ 1, 2, 3, 4 ಬರುತ್ತವೆ: ಬೇಕಾದವೆಲ್ಲ ಬಂದವು, ಬೇಡದ್ದು ಒಂದೇ.

ಇಷ್ಟಕ್ಕೆ ನಿಲ್ಲಬಹುದಿತ್ತು, ಆದರೆ ಕನ್ನಡ ನಿಲ್ಲಗೊಡುವುದಿಲ್ಲ. 'ಊರಿನ', 'ಊರಿಗೆ', 'ಊರನ್ನು' ಇವುಗಳನ್ನು ಕತ್ತರಿಸಿದರೆ ಉಳಿಯುವುದು 'ಊರ್'. ಆದ್ದರಿಂದ 'ಊರು' ಎಂಬುದರ ಕೊನೆಯ ಉಕಾರವನ್ನೂ ತೆಗೆಯದಿದ್ದರೆ ಅದು ತನ್ನ ಬಳಗವನ್ನೇ ಸೇರಲಾರದು. 'ಮಾಡಿ' ಎಂಬುದು 'ಮಾಡು' ಎಂಬುದರ ಜೊತೆಗೂಡಬೇಕಾದರೆ ಇಕಾರವನ್ನೂ ತೆಗೆಯಬೇಕು. ಈ ನಿಯಮಗಳನ್ನು ಸೇರಿಸಿದೊಡನೆ ಹತ್ತಿ, ಹತ್ತು, ಹತ್ತಿದವರು ಮೂರೂ 'ಹತ್ತ್' ಎಂಬ ಒಂದೇ ಬುಡಕ್ಕೆ ಬಂದು ನಿಲ್ಲುತ್ತವೆ. ಬೆಳೆಯೂ ಏರುವಿಕೆಯೂ ಸಂಖ್ಯೆಯೂ ಒಂದಾಯಿತು. ಈಗ ಬರುವ ಆರು ವಾಕ್ಯಗಳಲ್ಲಿ ಮೂರು ಸರಿ, ಮೂರು ತಪ್ಪು. ಒಂದು ಶಬ್ದಕ್ಕೆ ಉಪಕಾರ ಮಾಡಿದ ನಿಯಮವೇ ಇನ್ನೊಂದಕ್ಕೆ ಅಪಕಾರ ಮಾಡಿತು.

ಲೆಮ್ಮಟೈಸೇಷನ್ ಈ ತೊಡಕನ್ನು ಬಿಡಿಸುವೆನೆಂದು ಹೇಳುತ್ತದೆ. ನಾಮಪದ ಹತ್ತಿ ಬೇರೆ, ಧಾತು ಹತ್ತು ಬೇರೆ, ಸಂಖ್ಯಾವಾಚಕ ಹತ್ತು ಬೇರೆ. ನಿರ್ಣಯ ಸರಿಯಾದರೆ 1, 2, 3 ಮಾತ್ರ ಬರುತ್ತವೆ. ಆದರೆ ಮೊದಲ ವಾಕ್ಯವನ್ನು ಮತ್ತೊಮ್ಮೆ ನೋಡಬೇಕು. 'ಹತ್ತಿ ಬಂತು' ಎಂಬಲ್ಲಿ 'ಹತ್ತಿ'ಯ ಬೆನ್ನಿಗೇ ಕ್ರಿಯಾಪದವಿದೆ. 'ಏರಿ ಬಂತು' ಎಂದಂತೆ ಇದನ್ನೂ ಭೂತಕೃದಂತವೆಂದು ಯಂತ್ರವು ಬಗೆದರೆ ಆಶ್ಚರ್ಯವಿಲ್ಲ. ಹಾಗೆ ಬಗೆದು ಧಾತುವಿನ ಕೆಳಗೆ ಬರೆದಿಟ್ಟರೆ, ಹತ್ತಿಯನ್ನು ಹುಡುಕುವವನಿಗೆ ಆ ವಾಕ್ಯ ಎಂದೆಂದಿಗೂ ಕಾಣದು. ನಮ್ಮ ಮುಖ್ಯ ಆಕ್ಷೇಪವಿರುವುದು ಇಲ್ಲಿ. ಸ್ಟೆಮ್ಮಿಂಗ್ ಮಾಡುವ ತಪ್ಪು ಕಣ್ಣೆದುರು ಬಂದು ನಿಲ್ಲುತ್ತದೆ. ಬೇಡದ ವಾಕ್ಯವನ್ನು ಓದುಗನು ತಳ್ಳಿಹಾಕಬಲ್ಲನು. ಲೆಮ್ಮಟೈಸೇಷನ್ ತಪ್ಪಿದಾಗ ಬಾರದೆ ಹೋದದ್ದು ಯಾವುದೆಂದು ತಿಳಿಯುವ ಬಗೆಯೇ ಇಲ್ಲ. ಮೇಲಿನಂತೆ ಮುಂಚಿತವಾಗಿ ಕೈಯಿಂದ ಗುರುತಿಟ್ಟ ವಾಕ್ಯಗಳನ್ನು ಕೊಟ್ಟು ಎಷ್ಟು ಬಂದವೆಂದು ಎಣಿಸಿದರೆ ಮಾತ್ರ ಅದು ಹೊರಬೀಳುತ್ತದೆ. ಸಂಶಯವಿದ್ದೆಡೆ ಎರಡೂ ಶಬ್ದಗಳ ಕೆಳಗೆ ವಾಕ್ಯವನ್ನು ಬರೆದಿಡುವುದು ಒಂದು ಪರಿಹಾರ. ಆದರೆ ಆಗ 4ನೆಯ ವಾಕ್ಯವೂ ಮರಳಿ ಬಂದು, ಹಗುರವಾದ ಸ್ಟೆಮ್ಮಿಂಗ್ ಕೊಟ್ಟ ಫಲವೇ ಕೈಗೆ ಬರುತ್ತದೆ! ಹುಡುಕುವವನು ಬರೆಯುವುದೂ ಒಂಟಿ ಪದವನ್ನೇ ತಾನೆ? ಅದರ ಸಂದರ್ಭವನ್ನು ಯಾರು ಬಲ್ಲರು?

ಕ್ರಿಯಾಪದಗಳಲ್ಲಿ ಮಾತ್ರ ಲೆಮ್ಮಟೈಸೇಷನ್ನಿಗೆ ಎದುರಿಲ್ಲವೆಂದು ಒಪ್ಪಬೇಕು. 'ಬರುತ್ತಾನೆ' ಎಂಬುದನ್ನು ಕತ್ತರಿಸಿದರೆ 'ಬರ್', 'ಬಂದನು' ಎಂಬುದನ್ನು ಕತ್ತರಿಸಿದರೆ 'ಬಂದ್'. ಎಷ್ಟು ಕತ್ತರಿಸಿದರೂ ಇವು ಕೂಡುವುದಿಲ್ಲ. ಕೊಳ್ಳು-ಕೊಂಡ, ಇಡು-ಇಟ್ಟ, ಸಾಯು-ಸತ್ತ ಇವೂ ಹಾಗೆಯೇ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಧಾತುಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟದ್ದು ಸುಮ್ಮನೆ ಅಲ್ಲ. ಇಂಥ ಧಾತುಗಳಿಗೆ ಪಟ್ಟಿಯೇ ಬೇಕು.

ಇನ್ನು ನಮ್ಮ ಗಡಿನಾಡಿನ ಮಾತು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಅದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳ ಆಡುನುಡಿಯಲ್ಲಿ 'ಊರಲ್ಲಿ' ಎನ್ನುವ ಬದಲು 'ಊರಾಗ', 'ಹೊಲದಾಗ' ಎನ್ನುವುದು ವಾಡಿಕೆ. ಗ್ರಂಥಭಾಷೆಗಾಗಿ ಮಾಡಿದ ನಿಯಮಕ್ಕೆ ಈ 'ಆಗ' ತಿಳಿಯದು. ಇಲ್ಲಿಯ ಹಾಡು ಕಥೆಗಳನ್ನು ತುಂಬಿಸಿದರೆ 'ಊರು' ಎಂದು ಹುಡುಕಿದವನಿಗೆ ಅವು ಸಿಕ್ಕವು. ಹಾಗೆಂದು 'ಆಗ'ವನ್ನು ಕತ್ತರಿಸುವ ನಿಯಮ ಸೇರಿಸಿದರೆ ರಾಗ, ಭಾಗ, ನಾಗ, ಜಾಗ ಎಲ್ಲವೂ ಒಂದೊಂದು ವ್ಯಂಜನವಾಗಿ ಉಳಿಯುತ್ತವೆ! 1980ರಲ್ಲಿ ಇಂಗ್ಲಿಷಿಗೆ ನಿಯಮಾವಳಿಯನ್ನು ಪ್ರಕಟಿಸಿದ ಮಾರ್ಟಿನ್ ಪೋರ್ಟರ್ ಈ ಆಪತ್ತಿಗೆ ಒಂದು ಕಾವಲಿಟ್ಟಿದ್ದಾನೆ: ಉಳಿಯುವ ಬುಡವು ಗೊತ್ತಾದ ಅಳತೆಗಿಂತ ದೊಡ್ಡದಾಗಿದ್ದರೆ ಮಾತ್ರ ಕತ್ತರಿಸಬೇಕು. ಆದ್ದರಿಂದ 'ರಿಪ್ಲೇಸ್‌ಮೆಂಟ್' ಎಂಬುದರ ಬಾಲ ಹೋಗುತ್ತದೆ, 'ಸಿಮೆಂಟ್' ಎಂಬುದು ಉಳಿಯುತ್ತದೆ. ನಮ್ಮಲ್ಲಿಯೂ 'ಉಳಿದ ಭಾಗದಲ್ಲಿ ಒಂದು ಸ್ವರವಾದರೂ ಇರಲಿ' ಎಂದರೆ 'ಊರಾಗ' ಕತ್ತರಿಸಲ್ಪಟ್ಟು 'ರಾಗ' ಬದುಕುತ್ತದೆ. 'ವಿಭಾಗ', 'ಸರಾಗ' ಮಾತ್ರ ಬದುಕುವುದಿಲ್ಲ. ಅವನ್ನು ಅಪವಾದಗಳೆಂದು ಬೇರೆಯಾಗಿ ಬರೆದಿಡಬೇಕು.

ಊರ ಹೆಸರುಗಳಲ್ಲಿ ಪಕ್ಷ ಬದಲಾಗುತ್ತದೆ. 'ಪೆದ್ದಕಡುಬೂರಿನಲ್ಲಿ', 'ಪೆದ್ದಕಡುಬೂರಿಗೆ' ಎಂಬಿವು ನಿಯಮದ ಕತ್ತರಿಗೆ ಸಲೀಸಾಗಿ 'ಪೆದ್ದಕಡುಬೂರ್' ಆಗುತ್ತವೆ, ಊರು ಎಲ್ಲಿದೆಯೆಂದು ಅದು ತಿಳಿಯಬೇಕಾಗಿಲ್ಲ. ನಿಘಂಟನ್ನು ನಂಬಿದ ಯಂತ್ರಕ್ಕಾದರೋ ಈ ಹೆಸರು ಅಪರಿಚಿತ; ಇದ್ದ ಹಾಗೆಯೇ ಬಿಡುತ್ತದೆ, ಇಲ್ಲವೇ ಊಹಿಸುತ್ತದೆ. ಊಹೆಗೆ ಇಳಿದರೆ, 'ಹೇಳಿಕೊಂಡ' ಎಂಬುದು 'ಹೇಳಿಕೊಳ್ಳು' ಆದಂತೆ 'ಪೆನುಕೊಂಡ' ಎಂಬುದು 'ಪೆನುಕೊಳ್ಳು' ಆಗಲೂ ಸಾಕು! ತೆಲುಗಿನ ಬೆಟ್ಟ ಕನ್ನಡದ ಕ್ರಿಯಾಪದವಾದೀತು.

ಆದಕಾರಣ ಸ್ಥಳೀಯ ಬರಹಗಳನ್ನು ಸಂಗ್ರಹಿಸುವವರಿಗೆ ನಾವು ಸೂಚಿಸುವುದು ಹಗುರವಾದ ಸ್ಟೆಮ್ಮಿಂಗ್; ಅದರ ಜೊತೆಗೆ ಬಂದ, ಕೊಂಡ, ಇಟ್ಟ ಮೊದಲಾದ ರೂಪಗಳ ಕೈಪಟ್ಟಿ. ಗ್ರಂಥಕ್ಕೆ ಮಾಡಿದ ಸಂಸ್ಕಾರವನ್ನೇ ಹುಡುಕುವ ಪದಕ್ಕೂ ಮಾಡಬೇಕು. ಪಟ್ಟಿಯಲ್ಲಿ 'ಊರ್' ಎಂದಿದ್ದು ಹುಡುಕುವವನು 'ಊರು' ಎಂದೇ ಕೇಳಿದರೆ ಒಂದೂ ಬಾರದು. ಅದವಾನಿ, ಆದವಾನಿ, ಆದೋನಿ ಎಂದು ಮೂರು ಬಗೆಯಾಗಿ ಬರೆಯುವ ನಮ್ಮ ಪಟ್ಟಣದ ಹೆಸರನ್ನು ಒಂದುಗೂಡಿಸಲು ಎರಡು ಮಾರ್ಗಗಳೂ ಅಸಮರ್ಥ. ಆ ಪಟ್ಟಿಯನ್ನು ಊರೂರಿನ ಅಧ್ಯಾಪಕರೇ ಬರೆದು ಕೊಡಬೇಕಾಗಿದೆ.