ಪರಿಶೀಲಕರ ಅಭಿಪ್ರಾಯಗಳಿಗೆ ಲೇಖಕರ ಉತ್ತರ: ಬಸವಕಲ್ಯಾಣ ಮತ್ತು ಹುಮನಾಬಾದ ಕನ್ನಡದ ಸಮೀಕರಣ ವಾಕ್ಯಗಳಲ್ಲಿ 'ಅದ'



ನಮ್ಮ ಲೇಖನವನ್ನು ಇಬ್ಬರು ಪರಿಶೀಲಕರು ತಾಳ್ಮೆಯಿಂದ ಓದಿ ಕಳುಹಿಸಿರುವ ಟಿಪ್ಪಣಿಗಳು ನಮ್ಮ ಕೈಸೇರಿವೆ. ಅಕ್ಷರದೋಷ, ಲಿಪ್ಯಂತರಣ ಮೊದಲಾದ ಸಣ್ಣ ಸೂಚನೆಗಳೆಲ್ಲವನ್ನೂ ಅಳವಡಿಸಿದ್ದೇವೆ. ಲೇಖನದ ಪ್ರತಿಪಾದನೆಯನ್ನೇ ಮುಟ್ಟುವ ಆಕ್ಷೇಪಗಳು ಎರಡು. ಅವುಗಳಲ್ಲಿ ಎರಡನೆಯ ಪರಿಶೀಲಕರದನ್ನು ಪೂರ್ಣವಾಗಿ ಒಪ್ಪುತ್ತೇವೆ. ಮೊದಲನೆಯ ಪರಿಶೀಲಕರದನ್ನು ಒಪ್ಪಲಾರೆವು. ಒಪ್ಪಿಗೆಯ ಫಲವು ನಿರಾಕರಣೆಗೂ ಸಂಬಂಧಿಸಿರುವುದರಿಂದ ಎರಡನೆಯ ಆಕ್ಷೇಪವನ್ನೇ ಮೊದಲು ತೆಗೆದುಕೊಳ್ಳುತ್ತೇವೆ.

ವಿಷಯವನ್ನು ಒಮ್ಮೆ ನೆನಪಿಸುವುದು ಅಗತ್ಯ. ಶಿಷ್ಟ ಕನ್ನಡದಲ್ಲಿ 'ಇದು ನಮ್ಮ ಮನೆ' ಎಂಬ ಸಮೀಕರಣ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ. ನಾವು ಅಧ್ಯಯನ ಮಾಡಿದ ಎರಡು ಊರುಗಳಲ್ಲಿ 'ಇದು ನಮ್ಮ ಮನಿ' ಎಂಬುದರ ಜೊತೆಗೆ 'ಇದು ನಮ್ಮ ಮನಿ ಅದ' ಎಂಬ ರೂಪವೂ ಕೇಳಿಬರುತ್ತದೆ. ಬಸವಕಲ್ಯಾಣದಲ್ಲಿ ಈ 'ಅದ' ಹೆಚ್ಚುಕಡಿಮೆ ಕಡ್ಡಾಯ, ಹುಮನಾಬಾದಿನಲ್ಲಿ ಐಚ್ಛಿಕ ಎಂದು ನಾವು ಬರೆದಿದ್ದೆವು. ಲೇಖನದ ಶೀರ್ಷಿಕೆಯೂ ಈ ವ್ಯತ್ಯಾಸವನ್ನೇ ಸಾರುತ್ತಿತ್ತು.

ಎರಡನೆಯ ಪರಿಶೀಲಕರ ಆಕ್ಷೇಪ: ಒಪ್ಪಿಗೆ

ನಮ್ಮ ವಾಕ್ಯಗಳಲ್ಲಿ ಎಷ್ಟೋ ಅನುವಾದದ ಮೂಲಕ ಪಡೆದವಾಗಿದ್ದು, ಪ್ರಶ್ನೆಯ ಭಾಷೆಯೇ ಉತ್ತರದ ರಚನೆಯನ್ನು ರೂಪಿಸಿರಬಹುದು ಎಂದು ಪರಿಶೀಲಕರು ಹೇಳಿದ್ದಾರೆ. ಈ ಮಾತು ಸರಿಯಾಗಿದೆ. 'ಯೇ ದುಕಾನ್ ಕಿಸ್ಕೀ ಹೈ' ಎಂದು ದಖ್ಖನಿಯಲ್ಲಿ ಕೇಳಿ, ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ ಎಂದರೆ, ವಕ್ತೃವಿನ ಕಿವಿಯಲ್ಲಿ ಆಗಷ್ಟೇ ಬಿದ್ದ 'ಹೈ' ಒಂದು ಜಾಗವನ್ನು ತೆರೆದಿಟ್ಟಿರುತ್ತದೆ. 'ಈ ಅಂಗಡಿ ಯಾರದ ಅದ' ಎಂಬ ಉತ್ತರ ಬಂದಾಗ, ಆ 'ಅದ' ಅವರ ದಿನಬಳಕೆಯದೋ ನಮ್ಮ ಪ್ರಶ್ನೆಯ ನೆರಳೋ ಎಂದು ಆ ವಾಕ್ಯವೊಂದರಿಂದಲೇ ತಿಳಿಯುವಂತಿಲ್ಲ.

ಈ ಸೂಚನೆಯಂತೆ ನಮ್ಮ ಸಾಮಗ್ರಿಯನ್ನು ಮೂರು ಗುಂಪುಗಳಾಗಿ ಬೇರ್ಪಡಿಸಿದೆವು: ಅನುವಾದದಿಂದ ಬಂದವು, ಚಿತ್ರ ತೋರಿಸಿ ಕನ್ನಡದಲ್ಲೇ ಕೇಳಿ ಪಡೆದವು, ಭಾಷಿಕರು ತಮ್ಮತಮ್ಮಲ್ಲೇ ಮಾತನಾಡುವಾಗ ಧ್ವನಿಮುದ್ರಿಸಿದವು. ಹೀಗೆ ಬೇರ್ಪಡಿಸಿದಾಗ ಪರಿಶೀಲಕರು ಊಹಿಸಿದ್ದಕ್ಕಿಂತಲೂ ದೊಡ್ಡ ದೋಷವೊಂದು ನಮಗೆ ಕಂಡಿತು. ಬಸವಕಲ್ಯಾಣದ ಸಾಮಗ್ರಿ ಬಹುಪಾಲು ಅನುವಾದದ ಮೂಲಕ ಬಂದುದು. ಹುಮನಾಬಾದಿನದು ಬಹುಪಾಲು ಸಂಭಾಷಣೆಯದು, ಏಕೆಂದರೆ ಅಲ್ಲಿಗೆ ಹೋಗುವ ವೇಳೆಗೆ ನಾವು ವಿಧಾನವನ್ನು ಬದಲಾಯಿಸಿದ್ದೆವು. ನಾವು ಎರಡು ಊರುಗಳನ್ನು ಹೋಲಿಸುತ್ತಿದ್ದೇವೆಂದು ತಿಳಿದು ಎರಡು ವಿಧಾನಗಳನ್ನು ಹೋಲಿಸಿದ್ದೆವು. ಸಂಭಾಷಣೆಯ ಗುಂಪನ್ನು ಮಾತ್ರ ನೋಡಿದರೆ ಎರಡೂ ಊರುಗಳಲ್ಲಿ 'ಅದ' ಇರುವ ವಾಕ್ಯವೂ ಇಲ್ಲದ ವಾಕ್ಯವೂ ಒಬ್ಬನೇ ವಕ್ತೃವಿನ ಬಾಯಲ್ಲಿ ಬರುತ್ತವೆ. ಬಸವಕಲ್ಯಾಣದಲ್ಲಿ ಅದು ಕಡ್ಡಾಯ ಎನ್ನುವುದಕ್ಕೆ ಆಧಾರವಿಲ್ಲ.

ಆದ್ದರಿಂದ ಊರುಗಳ ವ್ಯತ್ಯಾಸದ ಪ್ರತಿಪಾದನೆಯನ್ನು ಹಿಂತೆಗೆದುಕೊಂಡಿದ್ದೇವೆ. ಶೀರ್ಷಿಕೆಯನ್ನು ಬದಲಾಯಿಸಿದ್ದೇವೆ, ಅನುವಾದದ ವಾಕ್ಯಗಳನ್ನು ವಾದದಿಂದ ತೆಗೆದು ಅನುಬಂಧಕ್ಕೆ ಸರಿಸಿದ್ದೇವೆ, ಪ್ರತಿ ಉದಾಹರಣೆಯ ಮುಂದೆ ಅದನ್ನು ಪಡೆದ ವಿಧಾನವನ್ನು ಸೂಚಿಸಿದ್ದೇವೆ. ಉಳಿದಿರುವ ಹೇಳಿಕೆ ಮೊದಲಿನದಕ್ಕಿಂತ ಚಿಕ್ಕದು: ಎರಡೂ ಊರುಗಳ ಕನ್ನಡದಲ್ಲಿ ಸಮೀಕರಣ ವಾಕ್ಯಕ್ಕೆ 'ಅದ' ಐಚ್ಛಿಕವಾಗಿ ಸೇರುತ್ತದೆ.

ಮೊದಲನೆಯ ಪರಿಶೀಲಕರ ಆಕ್ಷೇಪ: ಸವಿನಯ ಅಸಮ್ಮತಿ

ಈ 'ಅದ'ವನ್ನು ಮರಾಠಿಯ ಪ್ರಭಾವವೆಂದು ಸ್ಪಷ್ಟವಾಗಿ ಹೆಸರಿಸಬೇಕು, ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗಲಿ ಜಿಲ್ಲೆಯ ಕುಪವಾಡದ ಬಗ್ಗೆ ತೋರಿಸಿದ್ದೇ ಇಲ್ಲಿಯೂ ನಡೆದಿದೆ ಎನ್ನಬೇಕು ಎಂಬುದು ಮೊದಲನೆಯ ಪರಿಶೀಲಕರ ಸಲಹೆ. ಕುಪವಾಡದ ಕನ್ನಡದಲ್ಲೂ ಇಂತಹ ವಾಕ್ಯಕ್ಕೆ 'ಇರು' ಕ್ರಿಯಾಪದ ಸೇರುವುದನ್ನು ಅವರು ದಾಖಲಿಸಿರುವುದು ನಿಜ. ಆ ಹೋಲಿಕೆಯನ್ನು ನಾವೂ ಉಲ್ಲೇಖಿಸಿದ್ದೇವೆ. ಆದರೆ ಹೋಲಿಕೆಯಿಂದ ಕಾರಣಕ್ಕೆ ಹೋಗುವ ದಾರಿಯಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು, ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಬಸವಕಲ್ಯಾಣದಲ್ಲಿ ಲಕ್ಷಣ ಬಲವಾಗಿದೆ ಎಂಬುದೇ ಅವರ ಮುಖ್ಯ ಆಧಾರ. ಆ ಆಧಾರವನ್ನು ಒದಗಿಸಿದವರು ನಾವೇ. ಮೇಲೆ ಹೇಳಿದಂತೆ ಅದು ಈಗ ಉಳಿದಿಲ್ಲ.

ಎರಡನೆಯದು, ಈ ಪ್ರದೇಶದಲ್ಲಿ ಕನ್ನಡದ ನೆರೆಯಲ್ಲಿರುವುದು ಮರಾಠಿಯೊಂದೇ ಅಲ್ಲ. 'ಹೇ ಆಮಚಂ ಘರ ಆಹೇ' ಎನ್ನುವ ಮರಾಠಿಯಲ್ಲಿ ಕ್ರಿಯಾಪದ ಇರುವಂತೆಯೇ 'ಯೇ ಹಮಾರಾ ಘರ್ ಹೈ' ಎನ್ನುವ ದಖ್ಖನಿಯಲ್ಲೂ ಇದೆ. ಬೀದರ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಉರ್ದು ಆಡಳಿತದ ಭಾಷೆಯಾಗಿತ್ತು. 1956ರಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಅಲ್ಲಿಯವರೆಗೆ ಮರಾಠಿ ಭಾಷಿಕರೂ ಕನ್ನಡ ಭಾಷಿಕರೂ ಒಂದೇ ಜಿಲ್ಲೆಯವರು. ಹೀಗೆ ಎರಡು ಭಾಷೆಗಳೂ ಒಂದೇ ರಚನೆಯನ್ನು ಒಡ್ಡುವಲ್ಲಿ, ಆ ರಚನೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ಒಂದನ್ನು ಆರಿಸುವುದು ಸಾಧ್ಯವಿಲ್ಲ. ತೆಲುಗನ್ನು ಮಾತ್ರ ಈ ಪಟ್ಟಿಯಿಂದ ಬಿಡಬಹುದು. 'ಇದಿ ಮಾ ಇಲ್ಲು' ಎನ್ನುವಲ್ಲಿ ಅದಕ್ಕೂ ಕ್ರಿಯಾಪದ ಬೇಕಿಲ್ಲ.

ಮೂರನೆಯ ತೊಡಕು ನಮ್ಮ ದೃಷ್ಟಿಯಲ್ಲಿ ನಿರ್ಣಾಯಕ. ವಾಕ್ಯವನ್ನು ನಿಷೇಧಿಸಿ ನೋಡೋಣ. ಕನ್ನಡದಲ್ಲಿ ತಾದಾತ್ಮ್ಯದ ನಿಷೇಧಕ್ಕೆ 'ಅಲ್ಲ', ಅಸ್ತಿತ್ವದ ನಿಷೇಧಕ್ಕೆ 'ಇಲ್ಲ'. ಆಡುಮಾತಿನ ಮರಾಠಿ ಎರಡಕ್ಕೂ 'ನಾಹೀ' ಎನ್ನುತ್ತದೆ, ಹಳೆಯ 'ನವ್ಹೇ' ಬರವಣಿಗೆಯಲ್ಲಿ ಉಳಿದಿದ್ದರೂ. ದಖ್ಖನಿ ಎರಡಕ್ಕೂ 'ನೈ' ಎನ್ನುತ್ತದೆ. ಕನ್ನಡದ ವಾಕ್ಯವು ನೆರೆಭಾಷೆಯ ಅಚ್ಚಿಗೆ ಪದಕ್ಕೆ ಪದವಾಗಿ ಹೊಂದಿಕೊಂಡಿದ್ದರೆ, 'ಇದು ನಮ್ಮ ಮನಿ ಅದ' ಎನ್ನುವವರು 'ಇದು ನಮ್ಮ ಮನಿ ಇಲ್ಲ' ಎಂದೂ ಹೇಳಬೇಕಿತ್ತು. ಸಂಭಾಷಣೆಯ ಸಾಮಗ್ರಿಯಲ್ಲಿ ಅವರು ಹೇಳುವುದು 'ಇದು ನಮ್ಮ ಮನಿ ಅಲ್ಲ' ಎಂದೇ. 'ಮನ್ಯಾಗ ನೀರ ಇಲ್ಲ' ಎಂಬುದು ಬೇರೆಯಾಗಿಯೇ ಉಳಿದಿದೆ. ಅಂದರೆ ವಿಧಿವಾಕ್ಯದಲ್ಲಿ ಮಾತ್ರ ಹೊಸ ಪದ ಸೇರಿದೆ, ನಿಷೇಧದ ವ್ಯವಸ್ಥೆ ಅಲುಗಿಲ್ಲ.

ಇದಕ್ಕೆ ಕನ್ನಡದ ಒಳಗಿನ ಆಧಾರವೂ ಇದೆ. 'ಮನೆ ದೊಡ್ಡದು' ಎಂಬುದರ ಪಕ್ಕದಲ್ಲಿ 'ಮನೆ ದೊಡ್ಡದಾಗಿದೆ' ಎಂಬ ರಚನೆ ಶಿಷ್ಟ ಕನ್ನಡಕ್ಕೂ ಹೊಸದಲ್ಲ. ವಿಧಿವಾಕ್ಯದಲ್ಲಿ 'ಇರು' ಬರಲು ಇದ್ದ ಈ ಬಾಗಿಲನ್ನು ಸಂಪರ್ಕವು ಅಗಲಗೊಳಿಸಿರಬೇಕು.  ಕುಪವಾಡದ ಭಾಷೆಗಳು ಪರಸ್ಪರ ಪದಶಃ ಅನುವಾದಗೊಳ್ಳುತ್ತವೆ ಎಂಬ ಮಾದರಿಯನ್ನು ಸೋನಲ್ ಕುಲಕರ್ಣಿ-ಜೋಶಿ 2016ರಲ್ಲಿ ಮರುಪರಿಶೀಲಿಸಿರುವುದರಿಂದ, ಅದನ್ನು ಬೀದರಕ್ಕೆ ಹಾಗೆಯೇ ತರುವಲ್ಲಿ ಎಚ್ಚರ ಬೇಕೆಂಬುದು ನಮ್ಮ ಭಾವನೆ.

ಆದರೂ ಪರಿಶೀಲಕರ ಆಕ್ಷೇಪ ನಿಷ್ಪ್ರಯೋಜಕವಾಗಲಿಲ್ಲ. ನಿಷೇಧ ವಾಕ್ಯಗಳು ನಮ್ಮ ಮೊದಲ ಪ್ರತಿಯಲ್ಲಿ ಅಡಿಟಿಪ್ಪಣಿಯಲ್ಲಿದ್ದವು. ಈಗ ಅವು ಪ್ರತ್ಯೇಕ ಭಾಗವಾಗಿವೆ. ತೀರ್ಮಾನದ ವಾಕ್ಯವನ್ನು ಹೀಗೆ ತಿದ್ದಿದ್ದೇವೆ: ಈ ರಚನೆಯ ವಿಸ್ತರಣೆಗೆ ಇಂಡೋ-ಆರ್ಯನ್ ಸಂಪರ್ಕ ಕಾರಣವಾಗಿರುವುದು ಸಂಭವನೀಯ, ದಾತೃಭಾಷೆ ಮರಾಠಿಯೋ ದಖ್ಖನಿಯೋ ಎಂಬುದನ್ನು ಈ ಲಕ್ಷಣವೊಂದರಿಂದ ನಿರ್ಧರಿಸಲಾಗದು. ಮನೆಯಲ್ಲಿ ಮರಾಠಿ ಬಳಸುವ ಮತ್ತು ದಖ್ಖನಿ ಬಳಸುವ ದ್ವಿಭಾಷಿಕರ ಕನ್ನಡ ಸಂಭಾಷಣೆಯನ್ನು ಬೇರೆಬೇರೆಯಾಗಿ ಸಂಗ್ರಹಿಸಿದರೆ ಪರಿಶೀಲಕರ ಊಹೆಯನ್ನು ಪರೀಕ್ಷಿಸಬಹುದು. ಅಲ್ಲಿ ಮೊದಲನೆಯವರಲ್ಲಿ ಮಾತ್ರ 'ಅದ' ಹೆಚ್ಚಾಗಿ ಕಂಡರೆ ಅವರ ಮಾತನ್ನು ನಾವು ಸಂತೋಷದಿಂದ ಒಪ್ಪುತ್ತೇವೆ.

ತಿದ್ದಿದ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ. 

ಇತಿ,
ಲೇಖಕರು